ಸೀಗಡಿ ರಬ್ಬರಾಗುವುದೇಕೆ?

ಕ್ಯಾತ್ಸಂದ್ರ ಎಂದೊಡನೆ ನಿಮಗೆ ನೆನಪಾಗುವುದು ತಟ್ಟೆ ಇಡ್ಲಿ. ಬೆಂಗಳೂರು-ತುಮಕೂರು ರಸ್ತೆಯಲ್ಲಿ ಓಡಾಡುವ ಅದೆಷ್ಟೋ ಜನ ಇಲ್ಲಿ ಗಾಡಿ ನಿಲ್ಲಿಸಿ, ಎರಡು ಇಡ್ಲಿ ಹೊಟ್ಟೆಗೆ ಹಾಕಿಕೊಂಡೇ ಮುಂದೆ ಹೋಗುತ್ತಾರೆ. ಇಂಥ ಊರಿನವಳು ಇಡ್ಲಿ ಬಿಟ್ಟು ಸೀಗಡಿಯ ವಿಷಯ ಬರೆಯಲು ಕೂತಿದ್ದಾಳಲ್ಲ ಎಂದು ನೀವು ಹುಬ್ಬೇರಿಸಿದರೆ ತಪ್ಪೇನಿಲ್ಲ. ನಮಗೂ ಕಡಲಿಗೂ ನಡುವೆ ಸುಮಾರು ಮುನ್ನೂರು ಕಿಲೋಮೀಟರು ದಾರಿ, ಒಂದು ಘಟ್ಟ. ಆದರೂ ಈಗ ಐಸು ತುಂಬಿದ ಡಬ್ಬಗಳಲ್ಲಿ ಸೀಗಡಿ ತುಮಕೂರಿಗೂ ಬರುತ್ತದೆ, ಕುಣಿಗಲ್ಲಿಗೂ ಬರುತ್ತದೆ. ಭಾನುವಾರ ಬೆಳಿಗ್ಗೆ ಆಸೆಯಿಂದ ತಂದವರು ಮಧ್ಯಾಹ್ನ ಊಟಕ್ಕೆ ಕೂತು ಅಗಿದೂ ಅಗಿದೂ ದವಡೆ ನೋಯಿಸಿಕೊಳ್ಳುವುದು ಮಾತ್ರ ತಪ್ಪಿಲ್ಲ.

ನಮ್ಮ ಪಕ್ಕದ ಮನೆಯ ಅಕ್ಕನ ಕಥೆ ಕೇಳಿ. ಅವರ ಮಗಳನ್ನು ಕುಂದಾಪುರದ ಕಡೆಗೆ ಕೊಟ್ಟಿದ್ದಾರೆ. ಮದುವೆಯಾದ ಮೇಲೆ ಬೀಗರು ಮೊದಲ ಸಲ ಊಟಕ್ಕೆ ಬಂದಾಗ, ಕಡಲ ತೀರದ ಜನ, ಮೀನಿಲ್ಲದ ಊಟ ಅವರಿಗೆ ಸೇರದು ಎಂದು ಅಕ್ಕ ಒಂದು ಕಿಲೋ ಸೀಗಡಿ ತರಿಸಿದರು. ಕೋಳಿಗಿಂತ ಎಷ್ಟೋ ಪಾಲು ಹೆಚ್ಚು ದುಡ್ಡು ಕೊಟ್ಟು ತಂದದ್ದು. ಮಸಾಲೆ ಅರೆದರು, ಒಗ್ಗರಣೆ ಹಾಕಿದರು, ಎಲ್ಲವನ್ನೂ ಕುಕ್ಕರಿಗೆ ಸುರಿದು ಮೂರು ವಿಷಲ್ ಕೂಗಿಸಿದರು. ಸಾರಿನ ಘಮ ನಮ್ಮ ಹಿತ್ತಿಲಿಗೂ ಬಂದಿತ್ತು. ಊಟದ ಹೊತ್ತಿಗೆ ಬೀಗಿತ್ತಿ ಸಾರನ್ನು ಹೊಗಳಿ ಎರಡು ಸಲ ಹಾಕಿಸಿಕೊಂಡರು. ಸೀಗಡಿ ಮಾತ್ರ ಒಂದೊಂದಾಗಿ ಎಲೆಯ ಮೂಲೆ ಸೇರಿತು. ಯಾರೂ ಏನೂ ಅನ್ನಲಿಲ್ಲ. ಅಕ್ಕ ಮಾರನೆಯ ದಿನ ನಮ್ಮ ಮನೆಗೆ ಬಂದು, "ಒಂದು ಮಾತು ಬೈದಿದ್ರೂ ಚೆನ್ನಾಗಿತ್ತು ಕಣೇ, ಸುಮ್ನೆ ಪಕ್ಕಕ್ಕಿಟ್ಟು ಕೂತ್ರಲ್ಲ" ಎಂದು ಕಣ್ಣೊರೆಸಿಕೊಂಡರು.

ಆರು ತಿಂಗಳ ನಂತರ ಬೀಗರು ಮತ್ತೆ ಬರುವವರಿದ್ದರು. ಆ ಸಲ ನಾವಿಬ್ಬರೂ ಒಟ್ಟಿಗೆ ಅಡುಗೆಮನೆ ಸೇರಿದೆವು. ಅಲ್ಲಿ ಮಾಡಿದ್ದನ್ನೇ ನಿಮಗೆ ಹೇಳುತ್ತೇನೆ. ಅದಕ್ಕೆ ಮೊದಲು ಆ ಮೂರು ವಿಷಲ್ಲಿನಲ್ಲಿ ಏನಾಯಿತು ಎಂಬುದು ತಿಳಿದಿರಲಿ.

ಮಟನ್ ಅಭ್ಯಾಸ

ನಮ್ಮ ಕಡೆಯ ಹೆಂಗಸರಿಗೆ ಬಾಡಿನ ಅಡುಗೆ ಎಂದರೆ ಮಟನ್, ಇಲ್ಲವೇ ಊರ ಕೋಳಿ. ಎರಡಕ್ಕೂ ಒಂದೇ ನಿಯಮ: ಗಟ್ಟಿಯಿದ್ದರೆ ಇನ್ನಷ್ಟು ಬೇಯಿಸು. ಮೇಕೆ ದಿನವಿಡೀ ಬೆಟ್ಟಗುಡ್ಡ ಹತ್ತಿಳಿಯುವ ಪ್ರಾಣಿ. ಅದರ ಮಾಂಸದ ಎಳೆಗಳನ್ನು ಬಿಗಿಯಾಗಿ ಕಟ್ಟಿಡುವ ಅಂಟಿನ ಪೊರೆಗಳು ಬಹಳ ಇರುತ್ತವೆ. ತುಂಬಾ ಹೊತ್ತು ಬೆಂದರೆ ಆ ಪೊರೆ ಕರಗುತ್ತದೆ, ಮಾಂಸ ಬಿಡಿಸಿಕೊಂಡು ಮೆತ್ತಗಾಗುತ್ತದೆ. ಕಾಲಿನ ಸೂಪು ಆರಿದ ಮೇಲೆ ಹೆಪ್ಪುಗಟ್ಟಿ ನಡುಗುವುದನ್ನು ನೋಡಿದ್ದೀರಲ್ಲ? ಹಾಗೆ ಕರಗಿದ ಅಂಟೇ ಅದು.

ಸೀಗಡಿಯ ವಿಷಯ ಬೇರೆ. ಅದರ ಭಾರವನ್ನು ನೀರು ಹೊರುತ್ತದೆ, ಮೈಗೆ ಚಿಪ್ಪಿನ ಆಸರೆ ಇದೆ. ಒಳಗಿನ ಮಾಂಸದಲ್ಲಿ ಕರಗಬೇಕಾದ ಅಂಟು ಬಹಳ ಕಡಿಮೆ. ಮುಕ್ಕಾಲು ಪಾಲು ನೀರು, ಉಳಿದದ್ದು ಬಹುಮಟ್ಟಿಗೆ ತೆಳ್ಳನೆಯ ಸಸಾರಜನಕದ ಎಳೆಗಳು. ಬೇಯಿಸಿದಷ್ಟೂ ಮೆತ್ತಗಾಗಲು ಅದರಲ್ಲಿ ಏನೂ ಇಲ್ಲ.

ಹಾಗಾದರೆ ಬಿಸಿ ತಾಗಿದಾಗ ಆಗುವುದೇನು? ಎಳೆಗಳಲ್ಲಿ ಮುಖ್ಯವಾಗಿ ಎರಡು ಬಗೆಯ ಸಸಾರಜನಕ. ಮೊದಲನೆಯದು 50 ಡಿಗ್ರಿಯ ಆಸುಪಾಸಿನಲ್ಲೇ ಗಟ್ಟಿಯಾಗಲು ತೊಡಗುತ್ತದೆ, ಮೊಟ್ಟೆಯ ಬಿಳಿ ಹೆಪ್ಪಾಗುವ ಹಾಗೆ. ಆಗಲೇ ಗಾಜಿನಂತಿದ್ದ ಮಾಂಸ ಹಾಲಿನ ಬಣ್ಣಕ್ಕೆ ತಿರುಗುವುದು. ಒಳಭಾಗ 63 ಡಿಗ್ರಿ ತಲುಪಿತೆಂದರೆ ಸೀಗಡಿ ಬೆಂದ ಹಾಗೆ. ತಿನ್ನಲು ಸುರಕ್ಷಿತ, ಹಲ್ಲಿಗೆ ಹದ. ಅಲ್ಲಿಂದ ಮುಂದೆ 70 ದಾಟಿ ಹೋದಂತೆ ಎರಡನೆಯ ಸಸಾರಜನಕ ಕುಗ್ಗುತ್ತದೆ. ಒದ್ದೆ ಬಟ್ಟೆ ಹಿಂಡಿದ ಹಾಗೆ ಎಳೆಗಳು ಬಿಗಿದುಕೊಂಡು ಒಳಗಿನ ನೀರನ್ನೆಲ್ಲ ಹೊರಗೆ ತಳ್ಳುತ್ತವೆ. ನೀರು ಹೋಗಿ ಬಿಗಿದ ಎಳೆ ಉಳಿಯಿತು ನೋಡಿ, ಅದೇ ನಿಮ್ಮ ಹಲ್ಲಿಗೆ ಸಿಕ್ಕುವ ರಬ್ಬರು. ಆ ನೀರಿನ ಜೊತೆಗೆ ರುಚಿಯೂ ಸಾರಿಗೆ ಇಳಿಯುತ್ತದೆ. ಅಂದು ಬೀಗಿತ್ತಿ ಸಾರು ಹೊಗಳಿ ಸೀಗಡಿ ಬಿಟ್ಟದ್ದು ಸುಮ್ಮನೆ ಅಲ್ಲ.

ಕುದಿಯುವ ಸಾರಿನ ಬಿಸಿ ನೂರರ ಹತ್ತಿರ. (ಸಮುದ್ರಮಟ್ಟದಿಂದ ಎಂಟುನೂರು ಮೀಟರಿನಷ್ಟು ಎತ್ತರದ ನಮ್ಮೂರಿನಲ್ಲಿ ನೀರು 97ಕ್ಕೇ ಕುದಿಯುತ್ತದೆ, ಅದರಿಂದ ಸೀಗಡಿಗೇನೂ ರಿಯಾಯಿತಿ ಇಲ್ಲ.) ಕುಕ್ಕರಿನೊಳಗೆ 120ರವರೆಗೆ ಏರುತ್ತದೆ. ಬೆರಳು ಗಾತ್ರದ ಒಂದು ಸೀಗಡಿ ಹದಕ್ಕೆ ಬಂದದ್ದಕ್ಕೂ ಹದ ಮೀರಿದ್ದಕ್ಕೂ ನಡುವೆ ಇರುವುದು ಒಂದೆರಡು ನಿಮಿಷ. ಮೂರು ವಿಷಲ್ ಅಂದರೆ ಲೆಕ್ಕ ಹಾಕಿಕೊಳ್ಳಿ.

ಇನ್ನೊಂದು ಹಳೆಯ ಅಭ್ಯಾಸವೂ ನಮ್ಮನ್ನು ದಾರಿ ತಪ್ಪಿಸುತ್ತದೆ. ನಮ್ಮ ಅಜ್ಜಿಯರಿಗೆ ಗೊತ್ತಿದ್ದ ಸೀಗಡಿ ಸಂತೆಯಲ್ಲಿ ಸೇರು ಪಾವುಗಳಲ್ಲಿ ಅಳೆದು ಕೊಡುತ್ತಿದ್ದ ಒಣ ಸೀಗಡಿ. ಅದನ್ನು ಹುರಿದು, ತಲೆ ಬಾಲ ಮುರಿದು, ಬದನೆಕಾಯಿ ಜೊತೆ ಕುದಿಸಿ ಕುದಿಸಿ ಸಾರು ಮಾಡುತ್ತಿದ್ದರು. ಒಣಗಿದ್ದು ನೀರು ಕುಡಿದು ಉಬ್ಬಬೇಕು, ಅದಕ್ಕೆ ಹೊತ್ತು ಬೇಕೇ ಬೇಕು. ಹಸಿ ಸೀಗಡಿಯಲ್ಲಿ ನೀರು ಒಳಗೇ ಇದೆ, ಅದು ಹೊರಗೆ ಹೋಗದಂತೆ ನೋಡಿಕೊಳ್ಳುವುದೇ ಕೆಲಸ. ಹೆಸರು ಒಂದೇ ಆದ ಮಾತ್ರಕ್ಕೆ ಅಡುಗೆ ಒಂದೇ ಆಗದು.

ಕೊಳ್ಳುವಾಗ

ಈಗ ಒಳನಾಡಿನ ಪೇಟೆಗೆ ಬರುವ ಸೀಗಡಿಯಲ್ಲಿ ಹೆಚ್ಚಿನದು ಕೊಳಗಳಲ್ಲಿ ಸಾಕಿದ್ದು. ವನ್ನಾಮಿ ಎಂದು ಕರೆಯುವ ಬಿಳಿ ಸೀಗಡಿ ಮೂಲತಃ ಅಮೆರಿಕ ಖಂಡದ ಶಾಂತಸಾಗರ ತೀರದ್ದು. ನಮ್ಮ ದೇಶದಲ್ಲಿ ಅದನ್ನು ಸಾಕಲು 2009ರಲ್ಲಿ ಅನುಮತಿ ಸಿಕ್ಕಿತು. ಆ ಮೇಲೆ ಆಂಧ್ರದ ಕರಾವಳಿಯಲ್ಲಿ ಅದರ ಸಾಕಣೆ ಬಹಳ ಬೆಳೆಯಿತು. ಚಿಪ್ಪು ತೆಳು, ಮಾಂಸ ನಸುಸಿಹಿ, ಬಹಳ ಬೇಗ ಬೇಯುತ್ತದೆ. ಬೇಗ ಬೇಯುವುದರಿಂದ ಬೇಗ ಕೆಡುವುದೂ ಇದೇ.

ಅಂಗಡಿಯಲ್ಲಿ ಮೊದಲು ಮೂಗಿಗೆ ಕೆಲಸ ಕೊಡಿ. ಕಡಲಿನ ಉಪ್ಪು ವಾಸನೆ ಇದ್ದರೆ ಸರಿ. ಕಣ್ಣಿಗೆ ಹೊಡೆಯುವ ಅಮೋನಿಯಾ ಘಾಟು ಬಂದರೆ ಮರುಮಾತಿಲ್ಲದೆ ವಾಪಸು ಬನ್ನಿ. ಯಾವ ಮಸಾಲೆಯೂ ಅದನ್ನು ಮುಚ್ಚದು. ತಲೆ ಮೈಗೆ ಗಟ್ಟಿಯಾಗಿ ಅಂಟಿರಬೇಕು, ಚಿಪ್ಪು ಮಾಂಸಕ್ಕೆ ಹತ್ತಿಕೊಂಡಿರಬೇಕು. ಕುತ್ತಿಗೆಯ ಹತ್ತಿರ ಚಿಪ್ಪು ಕಪ್ಪಾಗಿದ್ದರೆ, ಹೆಚ್ಚಿದ ಬದನೆಕಾಯಿ ಕಪ್ಪಾಗುವ ಬಗೆಯ ಕ್ರಿಯೆಯೇ ಅದು. ಕೊಳೆತಿದೆ ಎಂದಲ್ಲ, ಹಿಡಿದು ಕೆಲವು ದಿನವಾಗಿದೆ ಎಂದರ್ಥ. ಒಂದೆರಡರಲ್ಲಿ ಇದ್ದರೆ ಚಿಂತೆಯಿಲ್ಲ, ಎಲ್ಲದರಲ್ಲೂ ಇದ್ದರೆ ಬೇಡ.

ಸುಲಿದು ಪ್ಯಾಕೆಟ್ಟಿನಲ್ಲಿ ಹೆಪ್ಪುಗಟ್ಟಿಸಿದ್ದು ಸಿಕ್ಕುತ್ತದೆ, ಕೆಲಸ ಉಳಿಯುತ್ತದೆ ನಿಜ. ಆದರೆ ಕೆಲವದಕ್ಕೆ ತೂಕ ಹೆಚ್ಚಲೆಂದು ನೀರು ಹಿಡಿದಿಡುವ ಫಾಸ್ಫೇಟ್ ಲವಣ ಸೇರಿಸಿರುತ್ತಾರೆ. ಅಂಥದ್ದು ಬಾಣಲೆಗೆ ಬಿದ್ದೊಡನೆ ಕೆರೆಯಾಗುತ್ತದೆ, ತಿನ್ನುವಾಗ ನುಣುಚಿ ನುಣುಚಿ ಹೋಗುತ್ತದೆ. ಅದರ ದೋಷ ನಿಮ್ಮ ಕೈಯದಲ್ಲ. ಪ್ಯಾಕೆಟ್ಟಿನ ಮೇಲೆ ಬರೆದಿದ್ದನ್ನು ಓದಿ ಕೊಳ್ಳಿ. ಹೆಪ್ಪುಗಟ್ಟಿದ್ದನ್ನು ಹಿಂದಿನ ರಾತ್ರಿಯೇ ಫ್ರಿಜ್ಜಿನ ಕೆಳಗಿನ ಅರೆಗೆ ಇಳಿಸಿ. ಅವಸರವಿದ್ದರೆ ಕಟ್ಟಿದ ಚೀಲದ ಸಮೇತ ತಣ್ಣೀರಿನಲ್ಲಿ ಅರ್ಧ ಗಂಟೆ ಮುಳುಗಿಸಿಡಿ. ಬಿಸಿನೀರು ಸುರಿಯಬೇಡಿ, ಹೊರಗಡೆ ಬೆಂದು ಒಳಗಡೆ ಐಸು ಉಳಿದಿರುತ್ತದೆ.

ಸುಲಿಯುವುದು, ನರ ತೆಗೆಯುವುದು

ಅಕ್ಕ ಆ ಸಲವೂ ತಲೆಯಿರುವ ಒಂದು ಕಿಲೋ ಸೀಗಡಿಯನ್ನೇ ತರಿಸಿದ್ದರು. ಎಣಿಸಿದರೆ ನಲವತ್ತೈದು ಇದ್ದವು. ತಲೆ ಚಿಪ್ಪು ತೆಗೆದ ಮೇಲೆ ಅರ್ಧ ಕಿಲೋಗಿಂತ ಸ್ವಲ್ಪ ಹೆಚ್ಚು ಉಳಿಯಿತು. ಎಷ್ಟು ಜನಕ್ಕೆ ಎಂದು ಲೆಕ್ಕ ಹಾಕುವಾಗ ಈ ಅರ್ಧದ ಲೆಕ್ಕ ಮರೆಯಬೇಡಿ.

ಒಂದು ಪಾತ್ರೆಯಲ್ಲಿ ತಣ್ಣೀರು ತುಂಬಿ ಒಂದಿಷ್ಟು ಐಸು ಹಾಕಿಟ್ಟುಕೊಂಡೆವು. ಮೊದಲು ತಲೆ. ಎಡಗೈಯಲ್ಲಿ ಮೈ ಹಿಡಿದು ಬಲಗೈಯಲ್ಲಿ ತಲೆಯನ್ನು ಸ್ವಲ್ಪ ತಿರುಚಿ ನಿಧಾನವಾಗಿ ಎಳೆಯಿರಿ. ಅದೃಷ್ಟವಿದ್ದರೆ ಬೆನ್ನಿನ ಕಪ್ಪು ದಾರವೂ ಜೊತೆಗೇ ಬಂದುಬಿಡುತ್ತದೆ. ತಲೆಯೊಳಗಿನ ಹಳದಿ ಕಂದು ಬಣ್ಣದ ಮೆತ್ತನೆಯ ಭಾಗ ಅದರ ಜೀರ್ಣಾಂಗ. ಸೀಗಡಿ ಸತ್ತ ಮೇಲೂ ಅಲ್ಲಿನ ಜೀರ್ಣರಸಗಳು ಕೆಲಸ ಮಾಡುತ್ತಲೇ ಇದ್ದು, ಹತ್ತಿರದ ಮಾಂಸವನ್ನೇ ಕರಗಿಸತೊಡಗುತ್ತವೆ. ತಲೆಯ ಸಮೇತ ಹೊರಗೆ ಬಿಟ್ಟ ಸೀಗಡಿಯ ಕುತ್ತಿಗೆ ಭಾಗ ಹಿಟ್ಟು ಹಿಟ್ಟಾಗುವುದು ಇದರಿಂದಲೇ. ತಂದ ಕೂಡಲೇ ತಲೆ ತೆಗೆಯಿರಿ, ಉಳಿದ ಕೆಲಸ ಆಮೇಲೆ ಮಾಡಿದರೂ ನಡೆದೀತು.

ಆಮೇಲೆ ಹೊಟ್ಟೆಯ ಕಡೆ ತಿರುಗಿಸಿ ಕಾಲುಗಳನ್ನೆಲ್ಲ ಒಟ್ಟಿಗೆ ಹಿಡಿದು ಕಿತ್ತರೆ ಚಿಪ್ಪು ಅಲ್ಲೇ ಬಾಯಿ ಬಿಡುತ್ತದೆ. ಹೆಬ್ಬೆರಳು ತೂರಿಸಿ ಬಟಾಣಿ ಸುಲಿದ ಹಾಗೆ ಸುತ್ತ ಸುಲಿಯಿರಿ. ಹುರಿಯುವುದಕ್ಕಾದರೆ ಬಾಲದ ತುದಿ ಇರಲಿ, ಸಾರಿಗಾದರೆ ಅದನ್ನೂ ಚಿವುಟಿ ಎಳೆದುಬಿಡಿ. ತಲೆ ಚಿಪ್ಪುಗಳನ್ನು ಎಸೆಯಬೇಡಿ, ಬೇರೆ ಪಾತ್ರೆಯಲ್ಲಿಡಿ.

ಇನ್ನು ನರ. ನರ ಎಂದು ನಾವು ಕರೆಯುತ್ತೇವಾದರೂ ಬೆನ್ನಿನ ಉದ್ದಕ್ಕೂ ಕಾಣುವ ಆ ಕಪ್ಪು ಗೆರೆ ಅದರ ಕರುಳು. ಒಳಗಿರುವುದು ತಿಂದ ಆಹಾರದ ಉಳಿಕೆ, ಕೆಲವೊಮ್ಮೆ ಮರಳು. ಚೆನ್ನಾಗಿ ಬೆಂದದ್ದರಲ್ಲಿ ಅದು ಉಳಿದುಹೋದರೆ ಹೊಟ್ಟೆಗೇನೂ ಅಪಾಯವಿಲ್ಲ, ಆದರೆ ಹಲ್ಲಿಗೆ ಕರಕರ, ನಾಲಿಗೆಗೆ ನಸುಕಹಿ. ಬೆನ್ನಿನ ನಡುವೆ ಚೂಪಾದ ಚಾಕುವಿನಿಂದ ಗೆರೆ ಎಳೆದಷ್ಟು ಮಾತ್ರ ಸೀಳಿ. ಅಕ್ಕಿಕಾಳಿನ ದಪ್ಪದಷ್ಟು ಆಳ ಸಾಕು. ದಾರ ಕಂಡೊಡನೆ ಚಾಕುವಿನ ತುದಿಯಿಂದ ಎತ್ತಿ ಎಳೆಯಿರಿ. ಮೈ ಸೀಳದೆ ತೆಗೆಯಬೇಕೆಂದರೆ ಹಲ್ಲುಕಡ್ಡಿಯ ಉಪಾಯ ಇದೆ. ತಲೆಯ ಕಡೆಯಿಂದ ಎರಡನೆಯ ಮತ್ತು ಮೂರನೆಯ ಗಂಟಿನ ನಡುವೆ, ಗೆರೆಯ ಕೆಳಗಾಗಿ ಕಡ್ಡಿಯನ್ನು ಅಡ್ಡಲಾಗಿ ಚುಚ್ಚಿ ಮೆಲ್ಲಗೆ ಮೇಲೆತ್ತಿ. ದಾರ ಕೊಂಡಿಯಾಗಿ ಮೇಲೆ ಬರುತ್ತದೆ. ಅವಸರದಲ್ಲಿ ಎಳೆದರೆ ತುಂಡಾಗುತ್ತದೆ, ತುಂಡಾದರೆ ಎರಡು ಗಂಟು ಕೆಳಗೆ ಮತ್ತೆ ಚುಚ್ಚಿ. ಅಕ್ಕನಿಗೆ ಇದು ಮಲ್ಲಿಗೆ ಕಟ್ಟುವಷ್ಟೇ ಸಲೀಸಾಗಿ ಬಂತು. ನಾನು ಮಾತ್ರ ಚಾಕು ಬಿಡಲಿಲ್ಲ.

ಹೊಟ್ಟೆಯ ಕಡೆಯೂ ಒಂದು ಸಣ್ಣ ಗೆರೆ ಕಂಡೀತು. ನಿಜವಾದ ನರವೆಂದರೆ ಅದೇ. ಅದರಲ್ಲಿ ಕೊಳೆಯಿಲ್ಲ, ಬಿಟ್ಟುಬಿಡಿ. ಕಿರುಬೆರಳಿನ ಉಗುರಿನಷ್ಟು ಸಣ್ಣ ಸೀಗಡಿಯಲ್ಲಿ ಕರುಳನ್ನೂ ತೆಗೆಯುತ್ತ ಕೂರುವುದು ವ್ಯರ್ಥ. ಬೆನ್ನಿನ ಗೆರೆ ಕಪ್ಪಾಗಿ ಕಾಣದಿದ್ದರೆ ಕರುಳು ಖಾಲಿ ಇದೆ ಎಂದರ್ಥ, ಅಲ್ಲೂ ಸೀಳಬೇಕಾಗಿಲ್ಲ.

ತೊಳೆಯುವ ವಿಷಯದಲ್ಲಿ ನಮ್ಮದು ಅತಿ. ಮಟನ್ನಿನ ಹಾಗೆ ನಾಲ್ಕೈದು ನೀರು ಬದಲಿಸಿ, ಅರ್ಧ ಗಂಟೆ ನೆನೆಹಾಕಿ, ಉಜ್ಜಿ ಉಜ್ಜಿ ತೊಳೆದರೆ ಸೀಗಡಿಯ ಸಿಹಿಯೆಲ್ಲ ಮೋರಿಗೆ. ಐಸು ನೀರಿನಲ್ಲಿ ಎರಡು ಸಲ ಜಾಲಾಡಿ ಸೋಸಿಬಿಡಿ, ಸಾಕು. ಮುಖ್ಯವಾದದ್ದು ಆಮೇಲಿನ ಕೆಲಸ: ಶುಭ್ರವಾದ ಹಳೆಯ ಪಂಚೆಯ ತುಂಡಿನ ಮೇಲೆ ಹರಡಿ ನೀರು ಒತ್ತಿ ತೆಗೆಯಿರಿ. ಯಾಕೆಂದು ಮುಂದೆ ಗೊತ್ತಾಗುತ್ತದೆ.

ಒಂದು ಚಿಟಿಕೆ ಸೋಡ

ಇಡ್ಲಿ ಊರಿನವರಿಗೆ ಸೋಡ ಹೇಳಿಕೊಡಬೇಕೇ! ಸುಲಿದು ಒರೆಸಿದ ಅರ್ಧ ಕಿಲೋ ಸೀಗಡಿಗೆ ಅರ್ಧ ಟೀ ಚಮಚ ಉಪ್ಪು, ಕಾಲು ಟೀ ಚಮಚ ಅಡುಗೆ ಸೋಡ ಬೆರೆಸಿ ಹದಿನೈದು ನಿಮಿಷ ಫ್ರಿಜ್ಜಿನಲ್ಲಿಡಿ. ಉಪ್ಪು ಎಳೆಗಳು ನೀರು ಹಿಡಿದುಕೊಳ್ಳುವಂತೆ ಮಾಡುತ್ತದೆ. ಸೋಡದ ಕ್ಷಾರ ಅವು ಒಂದಕ್ಕೊಂದು ಬಿಗಿದುಕೊಳ್ಳದಂತೆ ತಡೆಯುತ್ತದೆ. ಅರ್ಧ ನಿಮಿಷ ಹೆಚ್ಚು ಬೆಂದರೂ ಸೀಗಡಿ ನಿಮ್ಮನ್ನು ಕ್ಷಮಿಸುತ್ತದೆ. ಆದರೆ ಸೋಡ ಕಾಲು ಚಮಚ ಮೀರಿದರೆ, ಅಥವಾ ಗಂಟೆಗಟ್ಟಲೆ ಹಾಗೇ ಬಿಟ್ಟರೆ ಸಾಬೂನಿನ ರುಚಿ ಬರುತ್ತದೆ. ಮೂರು ವಿಷಲ್ಲಿಗಂತೂ ಸೋಡದಿಂದಲೂ ಪರಿಹಾರವಿಲ್ಲ.

ಹುಳಿಯ ಗುಣ ಇದಕ್ಕೆ ವಿರುದ್ಧ. ಕಬಾಬಿನ ಹಾಗೆ ಸೀಗಡಿಗೂ ನಿಂಬೆರಸ ಹಿಂಡಿ ಎರಡು ಗಂಟೆ ನೆನೆಸಿಡುವವರಿದ್ದಾರೆ. ಹುಳಿ ಒಲೆಯಿಲ್ಲದೆಯೇ ಸೀಗಡಿಯನ್ನು ಗಟ್ಟಿ ಮಾಡುತ್ತದೆ. ತೆಗೆದು ನೋಡಿದರೆ ಅಂಚು ಆಗಲೇ ಬೆಳ್ಳಗಾಗಿರುತ್ತದೆ. ಅದನ್ನು ಮತ್ತೆ ಬೇಯಿಸಿದರೆ ಎರಡು ಸಲ ಬೆಂದಂತೆ. ನಿಂಬೆ ಹಿಂಡುವುದಾದರೆ ಬಾಣಲೆಗೆ ಹಾಕುವ ಹತ್ತು ನಿಮಿಷ ಮೊದಲು, ಇಲ್ಲವೇ ಇಳಿಸಿದ ಮೇಲೆ.

ಸಾರು ಬೇರೆ, ಸೀಗಡಿ ಬೇರೆ

"ಐದು ನಿಮಿಷದಲ್ಲಿ ಇಳಿಸಿದ್ರೆ ಸಾರಿಗೆ ರುಚಿ ಎಲ್ಲಿಂದ ಬರುತ್ತೆ?" ಅಕ್ಕ ಕೇಳಿದ ಈ ಪ್ರಶ್ನೆ ನ್ಯಾಯವಾದದ್ದೇ. ಉತ್ತರ ನಾವು ಎತ್ತಿಟ್ಟ ತಲೆ ಚಿಪ್ಪುಗಳಲ್ಲಿದೆ. ಸೀಗಡಿಯ ಘಮವೆಲ್ಲ ಅಲ್ಲಿಯೇ ಹೆಚ್ಚು. ಎರಡು ಚಮಚ ಎಣ್ಣೆಯಲ್ಲಿ ಅವನ್ನು ಕೆಂಪಗೆ ಹುರಿದು, ಮೂರು ಲೋಟ ನೀರು ಹಾಕಿ, ಸಣ್ಣ ಉರಿಯಲ್ಲಿ ಇಪ್ಪತ್ತು ನಿಮಿಷ ಕುದಿಸಿ. ಸೌಟಿನ ಹಿಂಬದಿಯಿಂದ ತಲೆಗಳನ್ನು ಒತ್ತಿ, ಬಟ್ಟೆಯಲ್ಲಿ ಸೋಸಿದರೆ ಕಿತ್ತಳೆ ಬಣ್ಣದ ಎರಡು ಲೋಟ ರಸ ಸಿಗುತ್ತದೆ. ಕುದಿಸುವ ಆಸೆಯನ್ನೆಲ್ಲ ಚಿಪ್ಪಿನ ಮೇಲೆ ತೀರಿಸಿಕೊಳ್ಳಿ, ಮಾಂಸಕ್ಕೆ ಬೇಡ.

ಚಿಪ್ಪು ಕೆಂಪಾಗುವುದು ಏಕೆ ಗೊತ್ತೇ? ಆ ಕೆಂಪು ಬಣ್ಣ ಮೊದಲೇ ಅಲ್ಲಿತ್ತು. ಹಸಿಯಾಗಿದ್ದಾಗ ಒಂದು ಸಸಾರಜನಕ ಅದನ್ನು ಹಿಡಿದಿಟ್ಟುಕೊಂಡು ಬೂದುಬಣ್ಣವಾಗಿ ತೋರಿಸುತ್ತಿರುತ್ತದೆ. ಬಿಸಿಗೆ ಆ ಹಿಡಿತ ಸಡಿಲಿದಾಗ ಕೆಂಪು ಹೊರಬೀಳುತ್ತದೆ. ಆದ್ದರಿಂದ ಬಣ್ಣ ತಿರುಗಿತು ಎಂದ ಮಾತ್ರಕ್ಕೆ ಒಳಗಡೆ ಬೆಂದಿತೆಂದು ಭಾವಿಸಬೇಡಿ. ಬಣ್ಣ ಮೊದಲು, ಬೇಯುವುದು ಆಮೇಲೆ.

ಅಂದಿನ ಮಸಾಲೆ ಹೀಗಿತ್ತು. ಎಂಟು ಬ್ಯಾಡಗಿ ಮೆಣಸಿನಕಾಯಿ, ಒಂದೂವರೆ ಚಮಚ ಧನಿಯ, ಅರ್ಧ ಚಮಚ ಜೀರಿಗೆ, ನಾಲ್ಕು ಕಾಳು ಮೆಣಸು, ಏಳೆಂಟು ಮೆಂತ್ಯದ ಕಾಳು ಹುರಿದು, ಒಂದು ಬಟ್ಟಲು ತೆಂಗಿನ ತುರಿ, ನಾಲ್ಕು ಎಸಳು ಬೆಳ್ಳುಳ್ಳಿ, ಚಿಟಿಕೆ ಅರಿಶಿನ, ಸಣ್ಣ ನೆಲ್ಲಿಕಾಯಿ ಗಾತ್ರದ ಹುಣಸೆಹಣ್ಣು ಸೇರಿಸಿ ನುಣ್ಣಗೆ ಅರೆದದ್ದು. ಈರುಳ್ಳಿ ಬಾಡಿಸಿ, ಮಸಾಲೆ ಹಾಕಿ, ಚಿಪ್ಪಿನ ರಸ ಬೆರೆಸಿ, ಹಸಿವಾಸನೆ ಪೂರ್ತಿ ಹೋಗುವವರೆಗೆ ಹತ್ತು ಹನ್ನೆರಡು ನಿಮಿಷ ಕುದಿಸಿದೆವು. ಉಪ್ಪು ಹುಳಿ ಖಾರ ನೋಡಿ ಸರಿಪಡಿಸಿಕೊಂಡದ್ದೂ ಆಗಲೇ (ಸೀಗಡಿಗೆ ಆಗಲೇ ಉಪ್ಪು ಹಾಕಿದೆ, ಜ್ಞಾಪಕವಿರಲಿ). ಸೀಗಡಿ ಹಾಕಿದ ಮೇಲೆ ರುಚಿ ನೋಡುತ್ತ, ಹುಣಸೆ ಕಿವುಚುತ್ತ ನಿಂತರೆ ಹದ ಅಲ್ಲೇ ತಪ್ಪುತ್ತದೆ.

ಬೀಗರು ಕೈಕಾಲು ತೊಳೆದು ಕೂತ ಮೇಲೆ ಅಕ್ಕ ಸೀಗಡಿಯನ್ನು ಕುದಿಯುವ ಸಾರಿಗೆ ಬಿಟ್ಟರು. ನಾನು ಗಡಿಯಾರ ಹಿಡಿದು ನಿಂತೆ. ತಣ್ಣನೆಯ ಸೀಗಡಿ ಬಿದ್ದೊಡನೆ ಕುದಿ ನಿಂತಿತು. ಮತ್ತೆ ಅಂಚಿನಲ್ಲಿ ಗುಳ್ಳೆ ಏಳಲು ಒಂದೂವರೆ ನಿಮಿಷ ಬೇಕಾಯಿತು. ಅಲ್ಲಿಂದ ಸಣ್ಣ ಉರಿಯಲ್ಲಿ ಎರಡು ನಿಮಿಷ. ಒಂದನ್ನು ಸೌಟಿನಲ್ಲಿ ಎತ್ತಿ ಬೆನ್ನಿನ ಸೀಳು ಬಿಡಿಸಿ ನೋಡಿದೆವು. ಅತಿ ದಪ್ಪವಿರುವ ಜಾಗದಲ್ಲಿ ಗಾಜಿನಂಥ ಬೂದುಬಣ್ಣ ಕೂದಲೆಳೆಯಷ್ಟು ಮಾತ್ರ ಉಳಿದಿತ್ತು. ಒಲೆ ಆರಿಸಿ ಮುಚ್ಚಳ ಮುಚ್ಚಿ ಎರಡು ನಿಮಿಷ ಬಿಟ್ಟೆವು. ಸಾರಿನ ಕಾವಿನಲ್ಲಿಯೇ ಉಳಿದದ್ದು ಬೆಂದಿತು. ಮತ್ತೊಂದನ್ನು ಸೀಳಿ ನೋಡಿದಾಗ ಒಳಗೆಲ್ಲ ಹಾಲು ಬಿಳುಪು. ಕೂಡಲೇ ಬಡಿಸಿದೆವು.

ಬೇರೆ ಗಾತ್ರಕ್ಕೆ ಹೊತ್ತು ಬದಲಾಗುತ್ತದೆ. ಸಣ್ಣದಾದರೆ ಕುದಿ ಮರಳಿದ ಕೂಡಲೇ ಆರಿಸಬಹುದು. ಅಂಗೈ ಉದ್ದದ ದೊಡ್ಡದಕ್ಕೆ ಕುದಿ ಬಂದ ಮೇಲೆ ನಾಲ್ಕು ನಿಮಿಷ ಹಿಡಿದೀತು. ಗಡಿಯಾರಕ್ಕಿಂತ ನಂಬಬೇಕಾದದ್ದು ಕಣ್ಣನ್ನು. ಹದವಾಗಿ ಬೆಂದ ಸೀಗಡಿ ಕುಡುಗೋಲಿನ ಹಾಗೆ ಬಾಗಿರುತ್ತದೆ. ತಲೆಯ ತುದಿ ಬಾಲಕ್ಕೆ ತಾಗಿ ಕೋಡುಬಳೆಯಾಯಿತೋ, ಹದ ಮೀರಿತು ಎನ್ನಿ. ಎಳೆಗಳು ಕುಗ್ಗಿದಷ್ಟೂ ಮೈ ಸುರುಳಿಯಾಗುತ್ತದೆ. ಆದರೆ ಬೆನ್ನನ್ನು ಆಳವಾಗಿ ಸೀಳಿದ್ದರೆ ಈ ಗುರುತು ನಡೆಯದು. ಹಾಗೆ ಸೀಳಿದ್ದು ಹೂವಿನಂತೆ ಅರಳಿ ಬೇಗನೆ ಸುರುಟಿಕೊಳ್ಳುತ್ತದೆ. ಅದಕ್ಕೇ ಅಕ್ಕಿಕಾಳಿನಷ್ಟು ಆಳ ಎಂದದ್ದು. ಅಂಥ ಕಡೆ ಒಳಗಿನ ಬಣ್ಣ ನೋಡಿಯೇ ತೀರ್ಮಾನಿಸಿ.

ಬೀಗಿತ್ತಿ ಮೊದಲ ತುತ್ತು ತಿಂದು, "ಇವತ್ತಿನ ಚಟ್ಲಿ ಲಾಯ್ಕ್ ಆಯ್ತು" ಎಂದರು. ಕುಂದಾಪುರದ ಕಡೆ ಸೀಗಡಿಗೆ ಚಟ್ಲಿ ಎನ್ನುತ್ತಾರೆ. ತುಳುವಿನಲ್ಲಿ ಎಟ್ಟಿ, ಕೊಂಕಣಿಯಲ್ಲಿ ಸುಂಗಟ. ಅಕ್ಕ ನನ್ನ ಕಡೆ ತಿರುಗಿಯೂ ನೋಡದೆ, "ಇನ್ನೆರಡು ಹಾಕ್ತೀನಿ ತಾಳಿ" ಎಂದು ಸೌಟು ಎತ್ತಿದರು.

ಬಾಣಲೆಯಲ್ಲಿ ಹುರಿಯುವಾಗ

ಸಾರಿಗಿಂತ ಹುರಿಯುವುದರಲ್ಲಿ ಸೀಗಡಿ ಕೆಡುವುದು ಹೆಚ್ಚು, ಅದೂ ದುರಾಸೆಯಿಂದ. ಅರ್ಧ ಕಿಲೋವನ್ನೂ ಒಂದೇ ಸಲ ಬಾಣಲೆಗೆ ಸುರಿದರೆ ಕಾವು ಇಳಿಯುತ್ತದೆ, ಸೀಗಡಿ ನೀರು ಬಿಡುತ್ತದೆ. ಆ ನೀರು ಇಂಗಲಿ ಎಂದು ನಾವು ಕಾಯುತ್ತೇವೆ. ನೀರು ಇಂಗುವ ಹೊತ್ತಿಗೆ ಸೀಗಡಿ ಕೋಡುಬಳೆ. ಒರೆಸಿ ಒಣಗಿಸಿ ಎಂದು ಆಗಲೇ ಹೇಳಿದ್ದು ಇದಕ್ಕೇ. ಕಬ್ಬಿಣದ ಬಾಣಲೆಯನ್ನು ಚೆನ್ನಾಗಿ ಕಾಯಿಸಿ, ಒಂದಕ್ಕೊಂದು ತಾಗದ ಹಾಗೆ ಹರಡಿ, ಎರಡು ಮೂರು ಕಂತಿನಲ್ಲಿ ಹುರಿಯಿರಿ. ಒಂದು ಮಗ್ಗುಲು ಒಂದೂವರೆ ನಿಮಿಷ ಅಲುಗಿಸದೆ ಬಿಡಿ, ಮಗುಚಿ ಇನ್ನೊಂದು ನಿಮಿಷ. ಬಾಣಲೆಯಲ್ಲೇ ಬಿಟ್ಟರೆ ಒಲೆ ಆರಿಸಿದರೂ ಬೇಯುತ್ತಲೇ ಇರುತ್ತದೆ, ತಟ್ಟೆಗೆ ತೆಗೆದುಬಿಡಿ.

ಸುಕ್ಕ ಮಾಡುವುದಾದರೆ ಈರುಳ್ಳಿ, ಮಸಾಲೆ, ತೆಂಗಿನಕಾಯಿ ಎಲ್ಲವನ್ನೂ ಮೊದಲೇ ನೀರು ಆರುವಂತೆ ಹುರಿದಿಟ್ಟುಕೊಂಡು, ಹೀಗೆ ಬೇರೆಯಾಗಿ ಹುರಿದ ಸೀಗಡಿಯನ್ನು ಕೊನೆಯಲ್ಲಿ ಹಾಕಿ ಅರ್ಧ ನಿಮಿಷ ಕೈಯಾಡಿಸಿ. ಅರಿಶಿನ ಉಪ್ಪು ಹಾಕಿ ಸೀಗಡಿಯನ್ನು ಮೊದಲೇ ಬೇಯಿಸಿಟ್ಟು ಆಮೇಲೆ ಮಸಾಲೆಯಲ್ಲಿ ಮತ್ತೆ ಹತ್ತು ನಿಮಿಷ ಬೇಯಿಸುವ ಪದ್ಧತಿ ಕೆಲವು ಮನೆಗಳಲ್ಲಿದೆ. ಅವರಿಗೆ ಅದೇ ಅಗಿಯುವ ರುಚಿ ಒಗ್ಗಿಹೋಗಿರುತ್ತದೆ, ವಾದ ಬೇಡ.

ಹದ ಮೀರಿಯೇ ಹೋಯಿತು, ಈಗೇನು ಮಾಡಲಿ ಎಂದರೆ, ಅದನ್ನು ಮತ್ತೆ ಮೆತ್ತಗೆ ಮಾಡುವ ದಾರಿ ನನಗೆ ಕಂಡಿಲ್ಲ. ಹಿಂಡಿಹೋದ ನೀರನ್ನು ಒಳಗೆ ತುಂಬಲಾಗದು. ಎಳೆಗೆ ಅಡ್ಡಲಾಗಿ ಸಣ್ಣಗೆ ಕೊಚ್ಚಿ, ಈರುಳ್ಳಿ ಹಸಿಮೆಣಸು ಸೇರಿಸಿ ಕಡಲೆಬೇಳೆ ವಡೆಯ ಹಿಟ್ಟಿಗೆ ಬೆರೆಸಿ ಕರಿಯಿರಿ. ಸಣ್ಣ ಚೂರು ಹಲ್ಲಿಗೆ ಅಷ್ಟು ತೊಂದರೆ ಕೊಡದು.

ಉಳಿದ ಸಾರನ್ನು ಮಾರನೆಯ ದಿನಕ್ಕೆ ಇಡುವಾಗ ಸೀಗಡಿಯನ್ನು ಆರಿಸಿ ಬೇರೆ ಡಬ್ಬಿಯಲ್ಲಿ ಫ್ರಿಜ್ಜಿನಲ್ಲಿಡಿ. ಬಿಸಿ ಮಾಡುವಾಗ ಸಾರು ಮಾತ್ರ ಕುದಿಸಿ, ಒಲೆ ಆರಿಸಿ, ಸೀಗಡಿಯನ್ನು ಅದರೊಳಗೆ ಮುಳುಗಿಸಿ ಮುಚ್ಚಿಡಿ. ಐದು ನಿಮಿಷದಲ್ಲಿ ಒಳಗೂ ಬಿಸಿಯಾಗಿರುತ್ತದೆ. ರಸ ತೆಗೆದ ಚಿಪ್ಪುಗಳನ್ನು ಹಿತ್ತಿಲಿನ ಕರಿಬೇವಿನ ಬುಡದಲ್ಲಿ ಹೂಳಬಹುದು, ಗಿಡಕ್ಕೆ ಒಳ್ಳೆಯದು. ಒಂದು ಮೊಳ ಆಳ ಅಗೆದು ಮೇಲೊಂದು ಕಲ್ಲು ಹೇರಿ. ಅಕ್ಕ ಕಲ್ಲು ಇಡುವುದನ್ನು ಮರೆತಿದ್ದರು. ರಾತ್ರಿಯೆಲ್ಲ ಓಣಿಯ ಬೆಕ್ಕುಗಳ ಜಾತ್ರೆ, ಬೆಳಿಗ್ಗೆ ನಮ್ಮ ಬಾಗಿಲ ರಂಗೋಲಿಯ ಮೇಲೆ ಸೀಗಡಿ ತಲೆ.